ಯೀಸ್ಟ್ ಟೆಟ್ರಾಡ್‌ನಲ್ಲಿ 3:1 ಬಂದರೆ ಅದು ಜೀನ್ ಕನ್ವರ್ಷನ್ನಾ, ಕೈತಪ್ಪಾ?

ಪ್ರಶ್ನೆ: ಎರಡು ಜೀನ್‌ಗಳ ಲಿಂಕೇಜ್ ನೋಡೋಕೆ ಯೀಸ್ಟ್ ಸ್ಪೋರ್‌ಗಳನ್ನು ಸುಮ್ನೆ ಚೆಲ್ಲಿ ಎಣಿಸಿದರೆ ಸಾಲದಾ? ಒಂದೊಂದೇ ಟೆಟ್ರಾಡ್ ಬಿಡಿಸೋ ಕಷ್ಟ ಯಾಕೆ? ನನಗೆ ಕೆಲವು ಟೆಟ್ರಾಡ್‌ಗಳಲ್ಲಿ 2:2 ಬದಲು 3:1 ಬಂದಿದೆ. ಇದು ಕನ್ವರ್ಷನ್ನಾ ಅಥವಾ ನನ್ನ ತಪ್ಪಾ?

ಉತ್ತರ:

ಒಂದು ಮಿಯೋಸಿಸ್‌ನಿಂದ ಹುಟ್ಟುವ ನಾಲ್ಕು ಸ್ಪೋರ್‌ಗಳ ಕುಟುಂಬವೇ ಟೆಟ್ರಾಡ್. ಪ್ರತಿ ಜೀನಿನಲ್ಲೂ ಸಾಮಾನ್ಯವಾಗಿ ಎರಡಕ್ಕೆ ಅಪ್ಪನ ನಕಲು, ಎರಡಕ್ಕೆ ಅಮ್ಮನ ನಕಲು ಸಿಗುತ್ತದೆ, ಅದೇ 2:2. ಜೀನ್‌ಗಳ ನಡುವಿನ ದೂರದ ಅಂದಾಜು ಮಾತ್ರ ಬೇಕಿದ್ದರೆ ಚೆಲ್ಲಿ ಎಣಿಸಬಹುದು. ಆದರೆ ನಿಮ್ಮ ಕೊನೆಯ ಪ್ರಶ್ನೆಗೆ ಆ ದಾರಿಯಲ್ಲಿ ಉತ್ತರವೇ ಸಿಗುವುದಿಲ್ಲ. ಯಾಕೆ ಅಂತ ನನ್ನ ನೋಟ್‌ಬುಕ್ಕಿನ ಒಂದು ಸಾಲಿನಿಂದಲೇ ಹೇಳುತ್ತೇನೆ.

ಕ್ರಾಸ್ ಸರಳವಾದದ್ದು. ಒಂದು ಕಡೆಯ ತಳಿಯಲ್ಲಿ ಹಿಸ್ಟಿಡಿನ್ ತಯಾರಿಗೆ ಬೇಕಾದ ಹಿಸ್4, ಲ್ಯೂಸಿನ್ ತಯಾರಿಗೆ ಬೇಕಾದ ಲ್ಯೂ2 ಜೀನ್‌ಗಳೆರಡೂ ಸರಿಯಾಗಿವೆ. ಇನ್ನೊಂದರಲ್ಲಿ ಎರಡೂ ಕೆಟ್ಟಿವೆ. ಇವೆರಡೂ 3ನೇ ಕ್ರೋಮೋಸೋಮಿನ ಎಡಗೈಯಲ್ಲಿ ಸುಮಾರು 25 ಕಿಲೋಬೇಸ್ ದೂರದಲ್ಲಿವೆ. ಜೊತೆಗೆ ಬೇರೆ ಕಡೆಯ ಗುರುತುಗಳಾಗಿ ಯುರಾ3, ಟ್ರಿಪ್1 ಮತ್ತು ಮೇಟಿಂಗ್ ಟೈಪ್ ಇದ್ದವು. ಆಯಾ ಪೋಷಕಾಂಶ ಇಲ್ಲದ ಪ್ಲೇಟ್‌ಗಳಲ್ಲಿ ಒಂದು ಟೆಟ್ರಾಡ್ ಹೀಗೆ ಬಂತು (ಬೆಳೆದರೆ +, ಬೆಳೆಯದಿದ್ದರೆ -):

```
      HIS  LEU  URA  TRP  MAT
  A    +    +    +    -    a
  B    +    +    +    -    α
  C    +    -    -    +    α
  D    -    -    -    +    a
```

C ಸಾಲನ್ನು ನೋಡಿ. ಹಿಸ್ ಬಂದಿದೆ, ಲ್ಯೂ ಬಂದಿಲ್ಲ. ಅಪ್ಪನಲ್ಲೂ ಇಲ್ಲದ, ಅಮ್ಮನಲ್ಲೂ ಇಲ್ಲದ ಜೋಡಣೆ ಇದು. ಸ್ಪೋರ್‌ಗಳನ್ನು ಚೆಲ್ಲಿ ಎಣಿಸಿದ್ದರೆ C ಒಂಟಿಯಾಗಿ ಎಲ್ಲೋ ಬೆಳೆದಿರುತ್ತಿತ್ತು. ನೀವೂ ನಾನೂ ಕಣ್ಣುಮುಚ್ಚಿ ಅದನ್ನು ಕ್ರಾಸ್‌ಓವರ್ ಲೆಕ್ಕಕ್ಕೆ ಸೇರಿಸುತ್ತಿದ್ದೆವು. ಆದರೆ ಇವೆರಡರ ನಡುವೆ ಕ್ರಾಸ್‌ಓವರ್ ಆದರೆ ಕೊಟ್ಟು ತಗೊಳ್ಳುವ ವ್ಯವಹಾರ ಇರಬೇಕು. C ಗೆ ಹಿಸ್ ಸಿಕ್ಕಿದ್ದರೆ ಇನ್ನೊಂದು ಸ್ಪೋರ್ ಹಿಸ್ ಕಳೆದುಕೊಂಡು ಲ್ಯೂ ಮಾತ್ರ ಇಟ್ಟುಕೊಂಡಿರಬೇಕು. ನಾಲ್ವರಲ್ಲಿ ಅಂಥವರು ಯಾರೂ ಇಲ್ಲ. A, B ಎರಡೂ ಹಾಗೇ ಇವೆ. ಅಂದರೆ C ತಗೊಂಡಿದೆ, ಆದರೆ ಯಾರೂ ಕೊಟ್ಟಿಲ್ಲ. ನಕಲು ಮಾಡಿಕೊಂಡಿದೆ. ಜೀನ್ ಕನ್ವರ್ಷನ್ ಅಂದರೆ ಇದೇ. ಟೆಟ್ರಾಡ್ ಬಿಡಿಸುವುದು ಈ ಕಾಣೆಯಾದ ಜೋಡಿಯನ್ನು ಹುಡುಕೋಕೆ.

ಇದು ಆಗೋದು ಹೇಗೆ? ಮಿಯೋಸಿಸ್ ಹೊತ್ತಿಗೆ ಸ್ಪೋ11 ಅನ್ನೋ ಪ್ರೋಟೀನ್ ಡಿಎನ್ಎಯ ಎರಡೂ ಎಳೆಗಳನ್ನು ಅಲ್ಲಲ್ಲಿ ಕತ್ತರಿಸುತ್ತದೆ. ಕತ್ತರಿಸಿದ ಕ್ರೋಮೋಸೋಮ್ ಜೋಡಿ ಕ್ರೋಮೋಸೋಮನ್ನು ನೋಡಿ ಬರೆದುಕೊಂಡು ರಿಪೇರಿ ಆಗುತ್ತದೆ. ಕತ್ತರಿಸಿದ್ದು ಕೆಟ್ಟ ಹಿಸ್ ಇರುವ ಕ್ರೋಮೋಸೋಮ್ ಆಗಿದ್ದರೆ, ನಕಲು ಆದಮೇಲೆ ಅದಕ್ಕೂ ಒಳ್ಳೆ ಹಿಸ್ ಬರುತ್ತದೆ. ಹಿಸ್4 ಜೀನಿನ ಮುಂದೆಯೇ ಹೀಗೆ ಕತ್ತರಿಸುವ ಒಂದು ಜಾಗ ಇದೆ. ಅದಕ್ಕೇ ಈ ಜೀನಿನಲ್ಲಿ ಕನ್ವರ್ಷನ್ ಜಾಸ್ತಿ. ನಕಲಾಗುವ ತುಂಡು ಸಾಮಾನ್ಯವಾಗಿ ಒಂದೆರಡು ಕಿಲೋಬೇಸ್ ಅಷ್ಟೇ. 25 ಕಿಲೋಬೇಸ್ ಆಚೆಯ ಲ್ಯೂ2ಗೆ ಅದು ಮುಟ್ಟುವುದಿಲ್ಲ. ಹಾಗಾಗಿ ನಿಜವಾದ ಕನ್ವರ್ಷನ್‌ನಲ್ಲಿ ಒಂದೇ ಗುರುತು 3:1 ಆಗಿ, ಉಳಿದವೆಲ್ಲ 2:2 ಆಗಿಯೇ ಇರುತ್ತವೆ. ನಿಮ್ಮ ತಪ್ಪು ಹಿಡಿಯೋಕೆ ಇರುವ ದೊಡ್ಡ ಅಸ್ತ್ರವೂ ಇದೇ.

ಈಗ ತಪ್ಪಿನ ವಿಷಯ. ನಾನು ಶುರು ಮಾಡಿದಾಗ ಮೊದಲ ಎರಡು ಪ್ಲೇಟ್‌ಗಳಲ್ಲಿ 3:1 ಸುರಿಮಳೆ. ಖುಷಿಯೋ ಖುಷಿ. ಆಮೇಲೆ ನೋಡಿದರೆ ಯುರಾ, ಟ್ರಿಪ್ ಕೂಡ 3:1, 1:3! ಕಾರಣ ಜೈಮೋಲೇಸ್. ಸ್ಪೋರ್‌ಗಳ ಸುತ್ತ ಇರುವ ಚೀಲದ ಗೋಡೆ ಕರಗಿಸೋಕೆ ಹಾಕುವ ಎಂಜೈಮ್ ಅದು. ಐದಾರು ನಿಮಿಷಕ್ಕೆ ತೆಗೆದು, ತಣ್ಣೀರು ಹಾಕಿ ಐಸ್ ಮೇಲೆ ಇಡಬೇಕಿತ್ತು. ನಾನು ಚಹಾ ಕುಡಿಯೋಕೆ ಹೋಗಿ ಅರ್ಧ ಗಂಟೆ ಬಿಟ್ಟಿದ್ದೆ. ಚೀಲಗಳು ಪೂರ್ತಿ ಕರಗಿ ಸ್ಪೋರ್‌ಗಳು ಚೆಲ್ಲಾಪಿಲ್ಲಿ ಆಗಿದ್ದವು. ಪಕ್ಕಪಕ್ಕ ತೇಲುತ್ತಿದ್ದ ಬೇರೆ ಬೇರೆ ಮನೆಯ ನಾಲ್ಕನ್ನು ಸೂಜಿಯಲ್ಲಿ ಎತ್ತಿ ಒಂದೇ ಕುಟುಂಬ ಅಂತ ಸಾಲಾಗಿ ಇಟ್ಟಿದ್ದೆ. ಸರಿಯಾಗಿ ಕರಗಿದ ಟೆಟ್ರಾಡ್ ನೋಡೋಕೆ ಬೇರೆಯೇ ಇರುತ್ತದೆ. ನಾಲ್ಕೂ ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ, ಗಾಜಿನ ಸೂಜಿಯಿಂದ ಅಗರ್ ಮೇಲೆ ಮೆತ್ತಗೆ ತಟ್ಟಿದಾಗ ಮಾತ್ರ ಬಿಡುತ್ತವೆ. ಸುತ್ತಮುತ್ತ ಒಂಟಿ ಸ್ಪೋರ್‌ಗಳು ಜಾಸ್ತಿ ಕಂಡರೆ ಆ ಬ್ಯಾಚ್ ಬಿಟ್ಟುಬಿಡಿ.

ಉಳಿದ ಗುರುತುಗಳು ಈ ಕಲಬೆರಕೆಯನ್ನು ಎಷ್ಟು ಹಿಡಿಯುತ್ತವೆ ಅಂತ ಲೆಕ್ಕ ಹಾಕಬಹುದು. ನಾಲ್ಕರಲ್ಲಿ ಒಂದು ಮಾತ್ರ ಹೊರಗಿನದು ಅಂದುಕೊಳ್ಳಿ. ಸಂಬಂಧವಿಲ್ಲದ ಪ್ರತಿ ಗುರುತಿನಲ್ಲೂ ಅದು ನಿಜವಾದ ಸ್ಪೋರ್‌ಗೆ ಹೊಂದುವ ಸಾಧ್ಯತೆ ಅರ್ಧ. ಯುರಾ, ಟ್ರಿಪ್, ಮೇಟಿಂಗ್ ಟೈಪ್ ಮೂರೂ 2:2 ಆಗಿಯೇ ಕಾಣುವ ಸಾಧ್ಯತೆ ಹೆಚ್ಚುಕಡಿಮೆ 8ರಲ್ಲಿ 1. ಇದು ಕಡಿಮೆ ಏನಲ್ಲ. ಅಂದರೆ ಮೇಲಿನ ಟೆಟ್ರಾಡ್‌ಗೂ ಪೂರ್ತಿ ಕ್ಲೀನ್‌ಚಿಟ್ ಕೊಡೋಕೆ ಮೂರು ಗುರುತು ಸಾಲದು. ಇನ್ನೆರಡು ಸೇರಿಸಿದರೆ 32ರಲ್ಲಿ 1 ಆಗುತ್ತದೆ. ನನಗೆ ಅಡೆ2 ತುಂಬಾ ಇಷ್ಟ. ಅದು ಕೆಟ್ಟಿದ್ದರೆ ಕಾಲೊನಿ ಕೆಂಪಾಗುತ್ತದೆ, ಸಾಲಲ್ಲಿ ಎರಡು ಕೆಂಪು ಎರಡು ಬಿಳಿ ಬಂತಾ ಅಂತ, ಕಾಲೊನಿಗಳನ್ನು ಬೇರೆ ಪ್ಲೇಟ್‌ಗಳಿಗೆ ಒತ್ತಿ ರೆಪ್ಲಿಕಾ ಮಾಡುವ ಮೊದಲೇ ಕಣ್ಣಿಗೇ ಕಾಣುತ್ತದೆ.

ಇನ್ನೊಂದು ಕಳ್ಳ ಇದ್ದಾನೆ. ಸ್ಪೋರ್ ಆಗದೇ ಉಳಿದ ಡಿಪ್ಲಾಯ್ಡ್ ಕೋಶ. ಸೂಕ್ಷ್ಮದರ್ಶಕದಲ್ಲಿ ಕಣ್ತಪ್ಪಿ ಇದನ್ನು ಎತ್ತಿದರೆ ಅದು ಎಲ್ಲ ಪ್ಲೇಟ್‌ಗಳಲ್ಲೂ ಬೆಳೆಯುತ್ತದೆ, ಆದರೆ a ಜೊತೆಗೂ α ಜೊತೆಗೂ ಕೂಡುವುದಿಲ್ಲ. ನಿಮ್ಮ 3:1ರಲ್ಲಿ ಇಂಥ ಎಲ್ಲಕ್ಕೂ + ಇರುವ ಸ್ಪೋರ್ ಇದೆಯಾ ನೋಡಿ. ಮೂರೇ ಸ್ಪೋರ್ ಬದುಕಿದ ಟೆಟ್ರಾಡ್‌ಗಳನ್ನು ಕನ್ವರ್ಷನ್ ಲೆಕ್ಕಕ್ಕೆ ತಗೋಬೇಡಿ. ಸತ್ತದ್ದು ಏನಾಗಿತ್ತು ಅಂತ ಯಾರಿಗೆ ಗೊತ್ತು?

ಇನ್ನು ಲಿಂಕೇಜ್. ಇಲ್ಲೂ ಟೆಟ್ರಾಡ್ ಚೆಲ್ಲಿದ ಸ್ಪೋರ್‌ಗಿಂತ ಹೆಚ್ಚು ಹೇಳುತ್ತದೆ. ಎರಡೂ ಗುರುತು 2:2 ಆದ ಟೆಟ್ರಾಡ್ ಮೂರೇ ತರ ಇರಬಹುದು. ನಾಲ್ಕೂ ಅಪ್ಪ ಅಮ್ಮನಂತೆ ಇದ್ದರೆ ಪಿಡಿ. ನಾಲ್ಕೂ ಹೊಸ ಜೋಡಣೆ ಆದರೆ ಎನ್‌ಪಿಡಿ. ಎರಡು ಹಳೆಯದು ಎರಡು ಹೊಸದಾದರೆ ಟಿ. ಲಿಂಕ್ ಇಲ್ಲದಿದ್ದರೆ ಪಿಡಿ, ಎನ್‌ಪಿಡಿ ಸಮಸಮ ಇರುತ್ತವೆ. ಲಿಂಕ್ ಇದ್ದರೆ ಎನ್‌ಪಿಡಿ ಆಗೋಕೆ ನಾಲ್ಕೂ ಎಳೆಗಳು ಸೇರಿದ ಡಬಲ್ ಕ್ರಾಸ್‌ಓವರ್ ಬೇಕು, ಅದು ಅಪರೂಪ. ಹಾಗಾಗಿ ಪಿಡಿ ಎನ್‌ಪಿಡಿಗಿಂತ ತುಂಬಾ ಜಾಸ್ತಿ ಬಂದರೆ ಲಿಂಕೇಜ್ ಇದೆ ಅಂತಲೇ.

ಲೆಕ್ಕಕ್ಕೆ ಅಂತ ದುಂಡು ಸಂಖ್ಯೆ ತಗೊಳ್ಳೋಣ. ನಾಲ್ಕೂ ಬದುಕಿದ 104 ಟೆಟ್ರಾಡ್. ಅದರಲ್ಲಿ 4 ಹಿಸ್‌ಗೆ 3:1 ಅಥವಾ 1:3. ಅವನ್ನು ಪಕ್ಕಕ್ಕಿಡಿ, ಯಾಕೆಂದರೆ ಅವು ಪಿಡಿಯೂ ಅಲ್ಲ, ಟಿಯೂ ಅಲ್ಲ. ಉಳಿದ 100ರಲ್ಲಿ ಪಿಡಿ 70, ಟಿ 29, ಎನ್‌ಪಿಡಿ 1.

ಒಂದೊಂದು ಸ್ಪೋರ್ ಎಣಿಸಿದರೆ ಟಿಯಲ್ಲಿ ಅರ್ಧ ಹೊಸದು, ಎನ್‌ಪಿಡಿಯಲ್ಲಿ ಎಲ್ಲವೂ ಹೊಸದು. ಒಟ್ಟು 15.5 ಶೇಕಡಾ. ಆದರೆ ಆ ಒಂದು ಎನ್‌ಪಿಡಿ ಸುಮ್ನೆ ಬಂದದ್ದಲ್ಲ. ಡಬಲ್ ಕ್ರಾಸ್‌ಓವರ್‌ಗಳಲ್ಲಿ ನಾಲ್ಕರಲ್ಲಿ ಒಂದು ಪಾಲು ಮಾತ್ರ ಎನ್‌ಪಿಡಿ ಆಗಿ ಕಾಣುತ್ತದೆ. ಎರಡು ಪಾಲು ಟಿ ವೇಷದಲ್ಲಿ, ಒಂದು ಪಾಲು ಪಿಡಿ ವೇಷದಲ್ಲಿ ಅಡಗಿರುತ್ತದೆ. ಒಂದು ಎನ್‌ಪಿಡಿ ಕಂಡರೆ ಒಟ್ಟು ನಾಲ್ಕು ಡಬಲ್ ಆಗಿವೆ ಅಂತ ಊಹಿಸಬೇಕು. ಇದನ್ನೆಲ್ಲ ಸೇರಿಸಿ 1949ರಲ್ಲಿ ಡೇವಿಡ್ ಪರ್ಕಿನ್ಸ್ ಕೊಟ್ಟ ಸೂತ್ರ:

```
cM = 100 × (T + 6·NPD) / (2 × (PD + NPD + T))
   = 100 × (29 + 6) / 200 = 17.5
```

15.5 ಮತ್ತು 17.5ರ ನಡುವಿನ ವ್ಯತ್ಯಾಸ ಅಡಗಿ ಕೂತ ಕ್ರಾಸ್‌ಓವರ್‌ಗಳದ್ದು. ಈ ಸೂತ್ರ ಸುಮಾರು 40 ಸೆಂಟಿಮಾರ್ಗನ್ ತನಕ ನಂಬಬಹುದು. ಅದಕ್ಕಿಂತ ದೂರವಾದರೆ ಮೂರು, ನಾಲ್ಕು ಕ್ರಾಸ್‌ಓವರ್‌ಗಳು ಸೇರಿ ಲೆಕ್ಕ ಕೆಡಿಸುತ್ತವೆ. ಆಗ ಮಧ್ಯದಲ್ಲಿ ಇನ್ನೊಂದು ಗುರುತು ಹಾಕಿಕೊಂಡು ಎರಡು ತುಂಡಾಗಿ ಅಳೆಯೋದು ವಾಸಿ.

ಆ 4 ಟೆಟ್ರಾಡ್‌ಗಳನ್ನು ಎಸೆಯಬೇಡಿ. ಹಿಸ್ ಕನ್ವರ್ಷನ್ ದರ ಹೇಳುವಾಗ ಭಾಗಿಸಬೇಕಾದ್ದು 104ರಿಂದ, 100ರಿಂದ ಅಲ್ಲ. ಈ ಎರಡನ್ನು ಅದಲು ಬದಲು ಮಾಡಿದ್ದನ್ನು ಥೀಸಿಸ್ ಕರಡುಗಳಲ್ಲಿ ನೋಡಿದ್ದೇನೆ.

ಕೊನೆಗೆ ಒಂದು ಕೈಕೆಲಸದ ಮಾತು. ಸೂಜಿಯಿಂದ ಇಟ್ಟ ಸ್ಪೋರ್‌ಗಳು 30 ಡಿಗ್ರಿಯಲ್ಲಿ ಎರಡು ಮೂರು ದಿನಕ್ಕೆ ಕಾಲೊನಿ ಆಗುತ್ತವೆ. ಆ ಪ್ಲೇಟನ್ನೇ ನೇರವಾಗಿ ವೆಲ್ವೆಟ್ ಬಟ್ಟೆಗೆ ಒತ್ತಿ ರೆಪ್ಲಿಕಾ ಮಾಡಿ. ಟೂತ್‌ಪಿಕ್‌ನಲ್ಲಿ ಚೂರು ತೆಗೆದು ಬೇರೆ ಕಡೆ ತೇಪೆ ಹಾಕಿ ಆಮೇಲೆ ರೆಪ್ಲಿಕಾ ಮಾಡುವವರು ಇದ್ದಾರೆ, ನೀಟಾಗಿ ಕಾಣುತ್ತದೆ ಅಂತ. ಹಾಗೆ ಮಾಡಿದರೆ ಒಂದು ವಿಷಯ ಕೈತಪ್ಪುತ್ತದೆ. ಕೆಲವೊಮ್ಮೆ ನಕಲು ಅರ್ಧ ಮಾತ್ರ ಆಗಿ, ಸ್ಪೋರಿನ ಡಿಎನ್ಎಯ ಒಂದು ಎಳೆ ಒಳ್ಳೆ ಹಿಸ್, ಇನ್ನೊಂದು ಎಳೆ ಕೆಟ್ಟ ಹಿಸ್ ಆಗಿ ಉಳಿದಿರುತ್ತದೆ. ಮೊದಲ ಸಲ ಕೋಶ ಒಡೆದಾಗ ಒಂದು ಮಗಳು ಒಳ್ಳೆಯದು, ಇನ್ನೊಂದು ಕೆಟ್ಟದ್ದು. ಹಿಸ್ ಇಲ್ಲದ ಪ್ಲೇಟಿನಲ್ಲಿ ಆ ಕಾಲೊನಿ ಅರ್ಧಚಂದ್ರನ ಹಾಗೆ ಅರ್ಧ ಮಾತ್ರ ಬೆಳೆಯುತ್ತದೆ. ಎಂಟು ಎಳೆ ಲೆಕ್ಕದಲ್ಲಿ ಇದು 5:3 ಅಥವಾ 3:5. ಸಾಮಾನ್ಯ ತಳಿಯಲ್ಲಿ ಇಂಥ ತಪ್ಪುಜೋಡಿಯನ್ನು ಕೋಶವೇ ಹೆಚ್ಚಾಗಿ ಸರಿಪಡಿಸಿಬಿಡುತ್ತದೆ, ಹಾಗಾಗಿ ಕಡಿಮೆ ಕಾಣುತ್ತದೆ. ಸರಿಪಡಿಸುವ ಜೀನ್ ಕೆಟ್ಟ ತಳಿಗಳಲ್ಲಿ ಜಾಸ್ತಿ. ಪಿಎಂಎಸ್1 ಅನ್ನೋ ಜೀನಿಗೆ ಹೆಸರು ಬಂದದ್ದೇ ಮಿಯೋಸಿಸ್ ಮುಗಿದ ಮೇಲೆ ಹೀಗೆ ಬೇರೆಯಾಗುವುದರಿಂದ. ಅರ್ಧ ಬೆಳೆದ ಆ ಕಾಲೊನಿಯ ಯಾವ ಮೂಲೆಗೆ ನಿಮ್ಮ ಟೂತ್‌ಪಿಕ್ ತಾಗಿತು ಅನ್ನೋದರ ಮೇಲೆ ಅದು 3:1 ಆಗಿಯೋ 2:2 ಆಗಿಯೋ ನೋಟ್‌ಬುಕ್ ಸೇರುತ್ತದೆ. ನಿಮ್ಮ ಹಳೆಯ ಮೂಲ ಪ್ಲೇಟ್‌ಗಳು ಫ್ರಿಡ್ಜಿನಲ್ಲಿ ಇನ್ನೂ ಇದ್ದರೆ, 3:1 ಬಂದ ಸಾಲುಗಳನ್ನು ನೇರವಾಗಿ ಒಮ್ಮೆ ಒತ್ತಿ ನೋಡಿ.