ಒಂದೇ ವಿಳಾಸಕ್ಕೆ ಇಬ್ಬರು ಹಕ್ಕುದಾರರು

ಓದುಗರ ಪತ್ರ: ನಮ್ಮದು ಚಿಕ್ಕ ಡಿಟಿಪಿ ಅಂಗಡಿ. ಮೂರು ಕಂಪ್ಯೂಟರ್, ಒಂದು ನೆಟ್‌ವರ್ಕ್ ಪ್ರಿಂಟರ್, ಒಂದು ರೂಟರ್ ಇವೆ. ಬೆಳಗ್ಗೆ ಎಲ್ಲ ಸರಿಯಿರುತ್ತದೆ. ಪ್ರಿಂಟರ್ ಹಾಕಿದ ಸ್ವಲ್ಪ ಹೊತ್ತಿಗೆ ಯಾವುದಾದರೂ ಒಂದು ಕಂಪ್ಯೂಟರಿನಲ್ಲಿ Windows has detected an IP address conflict ಎಂದು ಬರುತ್ತದೆ, ಮುದ್ರಣವೂ ನಿಲ್ಲುತ್ತದೆ. ಕರೆಂಟ್ ಹೋಗಿ ಬಂದ ದಿನ ಈ ಕಾಟ ಹೆಚ್ಚು. ಯಾರಾದರೂ ನಮ್ಮ ವೈಫೈಗೆ ನುಗ್ಗಿದ್ದಾರೆಯೇ?
— ಓದುಗರೊಬ್ಬರು, ಸಾಗರ

ಸಂಪಾದಕರ ಉತ್ತರ: ನಿಮ್ಮ ಪತ್ರದ ಅತ್ಯಂತ ಬೆಲೆಬಾಳುವ ಮಾತು ‘ಪ್ರಿಂಟರ್ ಹಾಕಿದ ಸ್ವಲ್ಪ ಹೊತ್ತಿಗೆ’ ಎಂಬುದು. ಹೊರಗಿನವರನ್ನು ಶಂಕಿಸುವ ಮೊದಲು ಆ ಪ್ರಿಂಟರನ್ನೇ ವಿಚಾರಿಸೋಣ.

ಪ್ರಿಂಟರ್ ಅಳವಡಿಸಿದವರು ಅದಕ್ಕೊಂದು ಐಪಿ ವಿಳಾಸವನ್ನು ಕೈಯಾರೆ ಬರೆದಿಟ್ಟು ಹೋಗಿರುವ ಸಂಭವ ಹೆಚ್ಚು. ಅದು 192.168.1.5 ಎಂದಿಟ್ಟುಕೊಳ್ಳಿ. ಕಂಪ್ಯೂಟರುಗಳಿಗೆ ಮಾತ್ರ ವಿಳಾಸ ಹಂಚುವುದು ರೂಟರ್. ಈ ಹಂಚಿಕೆಗೆ ಡಿಎಚ್‌ಸಿಪಿ ಎಂದು ಹೆಸರು. ರೂಟರಿನ ಹಂಚಿಕೆಯ ವ್ಯಾಪ್ತಿ 192.168.1.2ರಿಂದ ಆರಂಭವಾಗಿದ್ದರೆ 5 ಕೂಡ ಅದರೊಳಗೇ ಬರುತ್ತದೆ. ಪ್ರಿಂಟರ್ ಆ ವಿಳಾಸವನ್ನು ರೂಟರಿನಿಂದ ಕೇಳಿ ಪಡೆದದ್ದಲ್ಲವಾದ್ದರಿಂದ ರೂಟರಿನ ಲೆಕ್ಕದಲ್ಲಿ ಅದು ಖಾಲಿ. ಕೆಲವು ರೂಟರುಗಳು ವಿಳಾಸ ಕೊಡುವ ಮುನ್ನ ಅಲ್ಲಿ ಯಾರಾದರೂ ಇದ್ದಾರೆಯೇ ಎಂದು ಪರೀಕ್ಷಿಸುವುದುಂಟು. ಆದರೆ ಬೆಳಗ್ಗೆ ನಿಮ್ಮ ಪ್ರಿಂಟರ್ ಆರಿರುತ್ತದೆ, ಉತ್ತರ ಬರುವುದಿಲ್ಲ, ವಿಳಾಸ ಕಂಪ್ಯೂಟರಿಗೆ ಹೋಗುತ್ತದೆ.

ಆಮೇಲೆ ಪ್ರಿಂಟರ್ ಎದ್ದು ‘192.168.1.5 ನನ್ನದು’ ಎಂದು ಇಡೀ ಜಾಲಕ್ಕೆ ಸಾರುತ್ತದೆ. ಹೀಗೆ ಸಾರುವುದು, ಯಾವ ವಿಳಾಸ ಯಾರದೆಂದು ವಿಚಾರಿಸುವುದು ಎಲ್ಲವೂ ಎಆರ್‌ಪಿ ಎಂಬ ವ್ಯವಸ್ಥೆಯ ಮೂಲಕ. ವಿಳಾಸವನ್ನು ಬಳಸುವ ಮೊದಲು ಕೆಲವು ಬಾರಿ ವಿಚಾರಿಸಬೇಕು, ಬೇರೆಯವರು ಅದನ್ನೇ ಹೇಳಿಕೊಂಡರೆ ಗಮನಿಸಬೇಕು ಎಂಬ ಕ್ರಮವನ್ನು 2008ರ ಆರ್‌ಎಫ್‌ಸಿ 5227 ಎಂಬ ಅಂತರಜಾಲ ಮಾನದಂಡದ ದಾಖಲೆ ವಿವರಿಸುತ್ತದೆ. ವಿಂಡೋಸ್ ಆ ಸಾರಿಕೆಯನ್ನು ಕೇಳಿಸಿಕೊಂಡು ನಿಮಗೆ ಎಚ್ಚರಿಕೆ ತೋರಿಸುತ್ತದೆ. ಪ್ರಿಂಟರಿಗೂ ತೊಂದರೆ ಅಷ್ಟೇ ಇದೆ. ಅದನ್ನು ಹೇಳಲು ಅದಕ್ಕೆ ದೊಡ್ಡ ಪರದೆಯಿಲ್ಲ. ಉಳಿದ ಕಂಪ್ಯೂಟರುಗಳು ಮುದ್ರಿಸಲು ಕಳಿಸಿದ ಪುಟಗಳು ಕೊನೆಗೆ ಉತ್ತರಿಸಿದ ಯಂತ್ರದ ಕಡೆಗೆ ಹೋಗುತ್ತವೆ. ಅದು ಪ್ರಿಂಟರ್ ಅಲ್ಲದಿದ್ದರೆ ಪುಟ ಬರುವುದಿಲ್ಲ.

ಕರೆಂಟ್ ಹೋದ ದಿನ ಕಾಟ ಹೆಚ್ಚುವುದಕ್ಕೂ ಕಾರಣವಿದೆ. ಯಾರಿಗೆ ಯಾವ ವಿಳಾಸ ಕೊಟ್ಟೆ ಎಂಬ ಪಟ್ಟಿಯನ್ನು ಅನೇಕ ಅಗ್ಗದ ರೂಟರುಗಳು ಆರಿದೊಡನೆ ಕಳೆದುಕೊಳ್ಳುತ್ತವೆ. ಹಂಚಿಕೆ ಮತ್ತೆ ಮೊದಲಿನಿಂದ ಆರಂಭವಾದಾಗ 5 ಈ ಸಲ ಯಾರ ಪಾಲಿಗೆ ಎಂಬುದು ಯಾರು ಮೊದಲು ಕೇಳಿದರು ಎಂಬುದರ ಮೇಲಿದೆ. ಎಚ್ಚರಿಕೆ ಒಂದೇ ಕಂಪ್ಯೂಟರಿನಲ್ಲಿ ನಿಲ್ಲದೆ ತಿರುಗುತ್ತಿರುವುದೂ ಇದರಿಂದಲೇ.

ಇದನ್ನು ಊಹೆಯಾಗಿ ಬಿಡಬೇಡಿ, ಸಾಬೀತು ಮಾಡಿಕೊಳ್ಳಿ. ಎಚ್ಚರಿಕೆ ಬಂದ ಕಂಪ್ಯೂಟರಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು `ipconfig /all` ಕೊಡಿ. ಅದರ ವಿಳಾಸವನ್ನೂ Physical Address ಎಂದು ತೋರಿಸುವ ಆರು ಜೋಡಿ ಅಕ್ಷರ-ಅಂಕಿಗಳನ್ನೂ ಬರೆದುಕೊಳ್ಳಿ. ಈಗ ಅದನ್ನು ಜಾಲದಿಂದ ಬಿಡಿಸಿ, ಪ್ರಿಂಟರ್ ಹಾಕಿಯೇ ಇರಲಿ. ಇನ್ನೊಂದು ಕಂಪ್ಯೂಟರಿನಲ್ಲಿ, ನಿರ್ವಾಹಕರ ಅಧಿಕಾರದೊಂದಿಗೆ ತೆರೆದ ಕಮಾಂಡ್ ಪ್ರಾಂಪ್ಟಿನಲ್ಲಿ, 192.168.1.5ರ ಜಾಗದಲ್ಲಿ ನೀವು ಬರೆದುಕೊಂಡ ವಿಳಾಸ ಹಾಕಿ, ಹೀಗೆ ಕೊಡಿ:

```
arp -d 192.168.1.5
ping 192.168.1.5
arp -a
```

ಮೊದಲ ಸಾಲು ಹಳೆಯ ನೆನಪನ್ನು ಅಳಿಸುತ್ತದೆ. ಕೊನೆಯ ಪಟ್ಟಿಯಲ್ಲಿ 192.168.1.5ರ ಎದುರು ಬೇರೊಂದು ಭೌತಿಕ ವಿಳಾಸ ಕಂಡರೆ ಎರಡನೆಯ ಹಕ್ಕುದಾರ ಸಿಕ್ಕಿದಂತೆ. ಪಿಂಗ್‌ಗೆ ಉತ್ತರ ಬಾರದಿದ್ದರೂ ಪಟ್ಟಿಯನ್ನು ನೋಡಿ. ಪಿಂಗ್‌ಗೆ ಬಾಯಿ ಬಿಡದ ಯಂತ್ರವೂ ಎಆರ್‌ಪಿಗೆ ಉತ್ತರಿಸುತ್ತದೆ. ಪ್ರಿಂಟರಿನ ಜಾಲ ಮಾಹಿತಿ ಪುಟವನ್ನು ಮುದ್ರಿಸಿ ಅಲ್ಲಿ ಮ್ಯಾಕ್ ವಿಳಾಸ ಎಂದು ಕರೆದಿರುವ ಅದರ ಭೌತಿಕ ವಿಳಾಸದೊಂದಿಗೆ ಹೋಲಿಸಿದರೆ ಸಂಶಯಕ್ಕೆ ಎಡೆಯಿಲ್ಲ.

ಪರಿಹಾರವನ್ನು ರೂಟರಿನಲ್ಲೇ ಮಾಡಿ. ಅದರ ಡಿಎಚ್‌ಸಿಪಿ ಪುಟದಲ್ಲಿ ಹಂಚಿಕೆಯ ವ್ಯಾಪ್ತಿಯನ್ನು 192.168.1.100ರಿಂದ 192.168.1.200ರವರೆಗೆ ಎಂದು ಬದಲಿಸಿ ಉಳಿಸಿ. ಪ್ರಿಂಟರ್ 5ರಲ್ಲೇ ಇರಲಿ. ಅದರ ವಿಳಾಸ ಬದಲಿಸಿದರೆ ಮೂರೂ ಕಂಪ್ಯೂಟರುಗಳಲ್ಲಿ ಪ್ರಿಂಟರನ್ನು ಮತ್ತೆ ಜೋಡಿಸುವ ಕೆಲಸ ಬೀಳಬಹುದು. ಕಂಪ್ಯೂಟರುಗಳು ಹಳೆಯ ವಿಳಾಸವನ್ನೇ ಹಿಡಿದುಕೊಂಡಿದ್ದರೆ `ipconfig /release`, ಆಮೇಲೆ `ipconfig /renew` ಕೊಡಿ. 100 ಅಥವಾ ಅದರ ಮೇಲಿನ ವಿಳಾಸ ಬರಬೇಕು. ಮೊಬೈಲುಗಳಲ್ಲಿ ವೈಫೈ ಆರಿಸಿ ಹಾಕಿ. ಸಿಸಿಟಿವಿ ರೆಕಾರ್ಡರ್‌ನಂತಹ, ಕೈಯಾರೆ ವಿಳಾಸ ಕೊಟ್ಟ ಬೇರೆ ಯಂತ್ರವಿದ್ದರೆ ಅದೂ 100ಕ್ಕಿಂತ ಕೆಳಗಿರಲಿ. 5 ಮತ್ತು ರೂಟರಿನದೇ ವಿಳಾಸ, ಸಾಮಾನ್ಯವಾಗಿ 1, ಇವೆರಡನ್ನು ಬಿಟ್ಟು.

ಇನ್ನು ನಿಮ್ಮ ಭಯದ ವಿಷಯ. ಪಟ್ಟಿಯಲ್ಲಿ ಕಂಡ ಭೌತಿಕ ವಿಳಾಸ ಪ್ರಿಂಟರಿನದೂ ಅಲ್ಲ, ಅಂಗಡಿಯ ಯಾವ ಯಂತ್ರದ್ದೂ ಮೊಬೈಲಿನದೂ ಅಲ್ಲ ಎಂದಾದರೆ ವೈಫೈ ಪಾಸ್‌ವರ್ಡನ್ನು ಅಂದೇ ಬದಲಿಸಿ. ಮೊಬೈಲುಗಳನ್ನು ಹೋಲಿಸುವಾಗ ಮಾತ್ರ ಎಚ್ಚರ ಬೇಕು: ಇಂದಿನ ಫೋನುಗಳು ಪ್ರತಿ ವೈಫೈಗೂ ಬೇರೆ ಬೇರೆ ಮ್ಯಾಕ್ ವಿಳಾಸ ತೋರಿಸಬಲ್ಲವು. ಆದ್ದರಿಂದ ನಿಮ್ಮ ವೈಫೈಯ ವಿವರ ತೆರೆದು, ಅಲ್ಲಿರುವುದನ್ನೇ ಓದಿಕೊಳ್ಳಿ.