ಓಟಿಪಿಯನ್ನು ಸರದಿಯಲ್ಲಿ ನಿಲ್ಲಿಸಬೇಕೇ, ಮುಂದೆ ಬಿಡಬೇಕೇ?

ಪ್ರಶ್ನೆ: ನಮ್ಮ ಆ್ಯಪ್‌ನಲ್ಲಿ ಓಟಿಪಿ, ಪ್ರಚಾರದ ಮೆಸೇಜು ಎಲ್ಲ ಒಂದೇ ಕ್ಯೂನಲ್ಲಿವೆ. ಬಂದ ಕ್ರಮದಲ್ಲೇ ಕಳಿಸಲೋ, ಪ್ರಯಾರಿಟಿ ಕೊಡಲೋ?

ಒಂದು ವರ್ಕರ್ ಸೆಕೆಂಡಿಗೆ 5 ಮೆಸೇಜು ಕಳಿಸುತ್ತದೆ, ಅಂಥ 4 ವರ್ಕರ್ ಇವೆ ಅಂದುಕೊಳ್ಳಿ. ಮಾರ್ಕೆಟಿಂಗ್‌ನವರು ಒಮ್ಮೆಲೇ 12,000 ಮೆಸೇಜು ಹಾಕಿದರೆ ಅವು ಖಾಲಿಯಾಗಲು 600 ಸೆಕೆಂಡು, ಅಂದರೆ 10 ನಿಮಿಷ ಬೇಕು. ಅವುಗಳ ಹಿಂದೆ ನಿಂತ ಓಟಿಪಿಯ ಆಯಸ್ಸು 5 ನಿಮಿಷವಾಗಿದ್ದರೆ ಅದು ಸತ್ತ ಮೇಲೆ ಗ್ರಾಹಕರಿಗೆ ತಲುಪುತ್ತದೆ. ಅಷ್ಟರಲ್ಲಿ ಅವರು 'ಮತ್ತೆ ಕಳಿಸಿ' ಒತ್ತಿರುತ್ತಾರೆ, ಕ್ಯೂ ಇನ್ನಷ್ಟು ಉದ್ದವಾಗುತ್ತದೆ. ಎಲ್ಲ ಕೆಲಸಕ್ಕೂ ಹೆಚ್ಚುಕಡಿಮೆ ಒಂದೇ ಗಡುವು ಇದ್ದಾಗ ಮಾತ್ರ ಬಂದ ಕ್ರಮ ಸರಿ.

ಹಾಗಂತ ಓಟಿಪಿಗೆ 1, ಪ್ರಚಾರಕ್ಕೆ 9 ಎಂದು ನಂಬರ್ ಹಚ್ಚಿ ಸುಮ್ಮನಾದರೆ ಬೇರೆ ಕಡೆ ಕೆಡುತ್ತದೆ. ಎಸ್ಸೆಮ್ಮೆಸ್ ಗೇಟ್‌ವೇ ಕೈಕೊಟ್ಟಿತು ಅನ್ನಿ. ಪ್ರತಿ ಓಟಿಪಿಯೂ 30 ಸೆಕೆಂಡು ಕಾದು ಟೈಮ್‌ಔಟ್ ಆಗಿ, ಅದೇ ನಂಬರ್ ಹೊತ್ತು ಕ್ಯೂನ ತಲೆಗೇ ವಾಪಸ್ ಬರುತ್ತದೆ. ನಾಲ್ಕೂ ವರ್ಕರ್ ಅದರಲ್ಲೇ ಸಿಕ್ಕಿಕೊಂಡು ಪ್ರಚಾರದ್ದು ಒಂದೂ ಹೋಗುವುದಿಲ್ಲ. ಕ್ಯೂನ ಉದ್ದ ನೋಡಿದರೆ ಇದು ತಿಳಿಯದು. ಪ್ರತಿ ಬಗೆಯಲ್ಲೂ ಅತಿ ಹಳೆಯ ಕೆಲಸ ಎಷ್ಟು ಹೊತ್ತಿನಿಂದ ಕಾಯುತ್ತಿದೆ ಎಂದು ಅಳೆಯಿರಿ.

ನಾನಾದರೆ ನಂಬರ್ ಬದಲು ಗಡುವನ್ನೇ ಬರೆದಿಡುತ್ತೇನೆ. ಓಟಿಪಿಗೆ ಬಂದ ಹೊತ್ತು + 30 ಸೆಕೆಂಡು, ಪ್ರಚಾರಕ್ಕೆ + 2 ಗಂಟೆ. ಪೋಸ್ಟ್‌ಗ್ರೆಸ್‌ನಲ್ಲಿ ಹೀಗೆ, ಒಂದು ಟ್ರಾನ್ಸಾಕ್ಷನ್ ಒಳಗೆ:

```sql
SELECT id FROM jobs
WHERE status = 'queued'
ORDER BY run_by, id
LIMIT 1
FOR UPDATE SKIP LOCKED;
```

ಕಾದಷ್ಟೂ ಹಳೆಯ ಕೆಲಸ ತಾನಾಗಿ ಮುಂದಕ್ಕೆ ಸರಿಯುತ್ತದೆ, ಯಾವುದೂ ಶಾಶ್ವತವಾಗಿ ಕೊಳೆಯುವುದಿಲ್ಲ. ಆದರೆ ಇಲ್ಲೂ ಒಂದು ಗುಂಡಿಯಿದೆ. 12,000 ಪ್ರಚಾರವೂ ಒಂದೇ ಹೊತ್ತಿಗೆ ಬಂದದ್ದು, ಗಡುವೂ ಒಂದೇ. ಏನೋ ಅಡಚಣೆಯಾಗಿ ಅವು ಸುಮಾರು 2 ಗಂಟೆ ಉಳಿದುಬಿಟ್ಟರೆ, ಆಮೇಲೆ ಹೊಸದಾಗಿ ಬರುವ ಓಟಿಪಿಗಿಂತ ಅಷ್ಟೂ ಮುಂದಾಗಿ ಮತ್ತೆ ಅದೇ 10 ನಿಮಿಷದ ಗೋಡೆ ಎದ್ದು ನಿಲ್ಲುತ್ತದೆ. ಅದಕ್ಕೇ ಒಂದು ವರ್ಕರನ್ನು ಓಟಿಪಿಗೆಂದೇ ಮೀಸಲಿಡಿ. ಅದರ ಕ್ವೆರಿಗೆ `AND kind = 'otp'` ಸೇರಿಸಿದರೆ ಆಯಿತು. ಓಟಿಪಿ ಸೆಕೆಂಡಿಗೆ 5ರೊಳಗೆ ಬರುವ ತನಕ ಅದೊಂದೇ ಸಾಕು.

ಟೈಮ್‌ಔಟನ್ನು 30ರಿಂದ 5 ಸೆಕೆಂಡಿಗೆ ಇಳಿಸಿ. ರೀಟ್ರೈ ಆದ ಕೆಲಸವನ್ನು ಕೂಡಲೇ ಎತ್ತದಂತೆ ಒಂದಿಷ್ಟು ಹೊತ್ತು ತಡೆಯಿರಿ. ಆಯಸ್ಸು ಮುಗಿದ ಓಟಿಪಿಯನ್ನಂತೂ ಕಳಿಸಲೇಬೇಡಿ, ಎಸೆಯಿರಿ.