8 ಕಿಲೋಹರ್ಟ್ಸ್ ಕಾಲ್ ಅನ್ನು 16 ಮಾಡಿದರೆ ಕಳೆದುಹೋದ ‘ಸ’ ವಾಪಸ್ ಬರುತ್ತಾ?

ಪ್ರಶ್ನೆ: ನಮ್ಮ ಹತ್ರ ಇರೋ ಕಾಲ್ ರೆಕಾರ್ಡಿಂಗ್ ಎಲ್ಲಾ 8 ಕಿಲೋಹರ್ಟ್ಸ್. ಸ್ಪೀಚ್ ಮಾಡೆಲ್ 16 ಕೇಳುತ್ತೆ. ಅಪ್‌ಸ್ಯಾಂಪಲ್ ಮಾಡಿದ್ರೆ ಕನ್ನಡ ಟ್ರಾನ್ಸ್‌ಕ್ರಿಪ್ಟ್ ನಿಜವಾಗ್ಲೂ ಸುಧಾರಿಸುತ್ತಾ, ಇಲ್ಲ ಸುಮ್ನೆ ಫೈಲ್ ದೊಡ್ಡದಾಗುತ್ತಾ?

ಮಾಡಲೇಬೇಕು. ಆದರೆ ಅದರಿಂದ ಹೊಸದಾಗಿ ಏನೂ ಕೇಳಿಸುವುದಿಲ್ಲ. ಈ ಎರಡು ಮಾತನ್ನು ಬೇರೆ ಬೇರೆ ಇಟ್ಟುಕೊಳ್ಳದೆ ನಾನು ಬೆಳಗಾವಿಯಲ್ಲಿ ಒಂದು ಕೆಲಸದಲ್ಲಿ ಸಾಕಷ್ಟು ದಿನ ಹಾಳು ಮಾಡಿಕೊಂಡೆ. ಅದನ್ನೇ ಹೇಳುತ್ತೇನೆ.

ಕಬ್ಬಿನ ಬಿಲ್ಲು, ಸೊಸೈಟಿ ಸಾಲ ಅಂತ ರೈತರು ಫೋನ್ ಮಾಡುವ ಒಂದು ಸಹಾಯವಾಣಿ. ಹೆಸರು ಬೇಡ. ರಾಯಬಾಗ, ಅಥಣಿ, ಗೋಕಾಕ ಕಡೆಯಿಂದ ಬರುವ ಕಾಲ್‌ಗಳನ್ನು ಅಕ್ಷರಕ್ಕೆ ಇಳಿಸಿ, ಯಾವುದು ಬಿಲ್ಲಿನ ದೂರು, ಯಾವುದು ಸಾಲದ್ದು, ಯಾವುದು ಹಾಲಿನ ಡೈರಿಯದ್ದು ಅಂತ ವಿಂಗಡಿಸಬೇಕಿತ್ತು. ರೆಕಾರ್ಡಿಂಗ್ ಎಲ್ಲಾ ನಿಮ್ಮ ಹಾಗೆಯೇ 8 ಕಿಲೋಹರ್ಟ್ಸ್.

ಮೊದಲ ದಿನ ಆದ ತಪ್ಪು ಇದು. ಹುಡುಗನೊಬ್ಬ ವೇವ್ ಫೈಲ್ ಓದಿ, ಬಂದ ಸಂಖ್ಯೆಗಳನ್ನು ಹಾಗೇ ವಿಸ್ಪರ್ ಅನ್ನುವ ಸ್ಪೀಚ್ ಮಾಡೆಲ್‌ಗೆ ಕೊಟ್ಟಿದ್ದ. ಹತ್ತು ಸೆಕೆಂಡಿನ ಕಾಲ್‌ನಲ್ಲಿ 80,000 ಸ್ಯಾಂಪಲ್ ಇರುತ್ತವೆ. ಸೆಕೆಂಡಿಗೆ 16,000 ಅಂತ ನಂಬಿಕೊಂಡ ಮಾಡೆಲ್‌ಗೆ ಅದು ಐದೇ ಸೆಕೆಂಡಿನ ಮಾತು. ವೇಗ ಎರಡು ಪಟ್ಟು, ಗಂಟಲಿನ ಸ್ವರವೂ ಎರಡು ಪಟ್ಟು ಮೇಲೆ. 120 ಹರ್ಟ್ಸ್ ಗಂಡಸಿನ ದನಿ 240ಕ್ಕೆ ಏರಿ, ಅಳಿಲು ಕಿಚಗುಟ್ಟಿದ ಹಾಗೆ ಆಗುತ್ತದೆ. ಟ್ರಾನ್ಸ್‌ಕ್ರಿಪ್ಟ್ ಪೂರ್ತಿ ಹುಚ್ಚುಹುಚ್ಚಾಗಿ ಬಂತು. ಸರಿಯಾಗಿ 16ಕ್ಕೆ ಏರಿಸಿ ಕೊಟ್ಟ ತಕ್ಷಣ ಓದುವ ಹಾಗಾಯಿತು. ‘ಅಪ್‌ಸ್ಯಾಂಪಲ್ ಮಾಡಿದ್ದಕ್ಕೆ ಎಷ್ಟು ಸುಧಾರಿಸಿತು ನೋಡಿ’ ಅಂತ ಜನ ಹೇಳುವುದು ಎಷ್ಟೋ ಸಲ ಇದನ್ನೇ. ಅದು ಸುಧಾರಣೆ ಅಲ್ಲ, ತಪ್ಪು ವೇಗ ಸರಿಹೋಗಿದ್ದು ಅಷ್ಟೇ.

ಅಂದಹಾಗೆ, ವಿಸ್ಪರ್‌ಗೆ ಫೈಲ್ ಹೆಸರನ್ನೇ ಕೊಟ್ಟರೆ ಅದು ಒಳಗೆ ffmpeg ಕರೆದು ತಾನೇ 16ಕ್ಕೆ ಏರಿಸಿಕೊಳ್ಳುತ್ತದೆ. ಹಾಗಾಗಿ ನೀವು ಈಗಾಗಲೇ ಅಪ್‌ಸ್ಯಾಂಪಲ್ ಮಾಡುತ್ತಿರಬಹುದು, ಗೊತ್ತಿಲ್ಲದೇ! ನೀವೇ ಮಾಡುವುದಾದರೆ ಇಷ್ಟು ಸಾಕು:

```
ffmpeg -i call.wav -ar 16000 call16.wav
```

ಈಗ ಏರಿಸಿದ ಮೇಲೆ ಏನಾಗಿರುತ್ತದೆ? ಸೆಕೆಂಡಿಗೆ 8,000 ಸ್ಯಾಂಪಲ್ ಇದ್ದರೆ 4,000 ಹರ್ಟ್ಸ್‌ಗಿಂತ ಮೇಲಿನ ಸದ್ದು ಅದರಲ್ಲಿ ಹಿಡಿಯುವುದೇ ಇಲ್ಲ. ಹಳೆಯ ಫೋನ್ ಲೈನ್ ಇನ್ನೂ ಜಿಪುಣ, 300ರಿಂದ 3,400ರವರೆಗೆ ಮಾತ್ರ ಬಿಡುತ್ತದೆ. ಏರಿಸುವಾಗ ಎರಡು ಸ್ಯಾಂಪಲ್ ನಡುವೆ ಇನ್ನೊಂದನ್ನು ಲೆಕ್ಕ ಹಾಕಿ ತುಂಬುತ್ತೇವೆ. ಆ ಹೊಸ ಸ್ಯಾಂಪಲ್ ಅಕ್ಕಪಕ್ಕದವುಗಳಿಂದಲೇ ಹುಟ್ಟಿದ್ದು, ರೈತನ ಬಾಯಿಂದ ಬಂದದ್ದಲ್ಲ. 4,000ದಿಂದ 8,000ದವರೆಗಿನ ಜಾಗ ಖಾಲಿ ಮಾಳಿಗೆ ಕಟ್ಟಿಟ್ಟ ಹಾಗೆ. ಮನೆ ಎತ್ತರ ಆಯಿತು, ಇರುವವರು ಕೆಳಗೇ.

ಮಾಡೆಲ್‌ಗೆ ಆ ಖಾಲಿ ಮಾಳಿಗೆ ಕಾಣುತ್ತದೆ. ವಿಸ್ಪರ್‌ನ ಹೆಚ್ಚಿನ ಮಾಡೆಲ್‌ಗಳು ಸದ್ದಿನ ಹರವನ್ನು 80 ತುಂಡು ಮಾಡಿ, ಮೆಲ್ ಪಟ್ಟಿಗಳಾಗಿ ನೋಡುತ್ತವೆ. ಪಟ್ಟಿಗಳು ಕೆಳಗೆ ದಟ್ಟ, ಮೇಲೆ ವಿರಳ. ಹಾಗಾಗಿ ಅರ್ಧ ಹರವು ಖಾಲಿ ಇದ್ದರೂ ಖಾಲಿ ಬೀಳುವುದು ಸುಮಾರು ಕಾಲು ಭಾಗ ಪಟ್ಟಿಗಳು. ಕಲಿಯುವಾಗ ಇಂಥ ಮಾತನ್ನು ಜಾಸ್ತಿ ಕೇಳಿರದ ಮಾಡೆಲ್‌ಗೆ ಇದು ಗೊಂದಲ. ‘ಮೇಲೆ ಸದ್ದಿಲ್ಲ, ಅಂದ್ರೆ ಇಲ್ಲಿ ಸಕಾರ ಇಲ್ಲ’ ಅಂತ ಅದು ತೀರ್ಮಾನಿಸಿಬಿಡುತ್ತದೆ.

ನಮ್ಮನ್ನು ಕಾಡಿದ್ದು ಇದೇ ಸಕಾರ. ಒಂದು ಕಾಲ್‌ನಲ್ಲಿ ಹಿರಿಯರೊಬ್ಬರು ಹೇಳಿದ್ದು:

‘ಸಾಹೇಬ್ರ, ಸೊಸೈಟಿ ಸಾಲ ಕಟ್ಟೀನ್ರಿ, ಕಬ್ಬಿನ ಬಿಲ್ಲ ಇನ್ನೂ ಬಂದಿಲ್ಲ.’

ಮಾಡೆಲ್ ಬರೆದದ್ದರಲ್ಲಿ ಉಳಿದದ್ದೆಲ್ಲ ಸರಿ. ‘ಸಾಲ’ ಇದ್ದ ಕಡೆ ‘ಹಾಲ’. ಎಂಟು ಪದದಲ್ಲಿ ಒಂದು ತಪ್ಪು, ಅಂದರೆ ಶೇ. 12.5. ಲೆಕ್ಕಕ್ಕೆ ಪರವಾಗಿಲ್ಲ ಅನ್ನಿಸುತ್ತೆ, ಅಲ್ವಾ? ಆದರೆ ಸಾಲದ ಕಾಲ್ ಡೈರಿ ಕಡೆ ಹೋಗಿ ಕೂತಿತು. ನಾನು ಏರಿಸುವ ವಿಧಾನವನ್ನು ಬದಲಾಯಿಸಿ ನೋಡಿದೆ. sox, ffmpeg, ಅತಿ ಉತ್ತಮ ಅನ್ನುವ ಗುಣಮಟ್ಟದ ಆಯ್ಕೆ, ಎಲ್ಲಾ. ‘ಹಾಲ’ ಕದಲಲಿಲ್ಲ. ಕದಲುವುದೂ ಇಲ್ಲ. ‘ಸ’ಕಾರದ ಸುಂಯ್ ಸದ್ದಿನ ಬಹುಪಾಲು ಇರುವುದೇ 4,000ದ ಮೇಲೆ. ಫೋನಿನಲ್ಲಿ ಅದು ಆ ಕಡೆಯೇ ಕತ್ತರಿಸಿಹೋಗಿದೆ. ‘ಶ’ ಸ್ವಲ್ಪ ಕೆಳಗಿನಿಂದ ಶುರುವಾಗುವುದರಿಂದ ಅಷ್ಟು ಸಾಯುವುದಿಲ್ಲ.

ಹಾಗಾದರೆ ಕಥೆ ಮುಗೀತಾ? ಇಲ್ಲ. ನಾವು ಫೋನಿನಲ್ಲಿ ಸಾಲ, ಹಾಲು ಬೇರೆ ಬೇರೆ ಅಂತ ಹಿಡಿಯುತ್ತೇವಲ್ಲ, ಹೇಗೆ? ಅರ್ಧ ಸಂದರ್ಭದಿಂದ. ಇನ್ನರ್ಧ ಪಕ್ಕದ ಸ್ವರದಿಂದ. ‘ಸ’ ಹೇಳುವಾಗ ನಾಲಿಗೆಯ ತುದಿ ಹಲ್ಲಿನ ಹತ್ತಿರ ಇರುತ್ತದೆ. ಅಲ್ಲಿಂದ ‘ಆ’ಕ್ಕೆ ಇಳಿಯುವಾಗ ಸ್ವರದ ಎರಡನೇ ಫಾರ್ಮೆಂಟ್, ಅಂದರೆ ಬಾಯಿಯ ಆಕಾರದಿಂದ ಹುಟ್ಟುವ ಅನುರಣನ, 1,700 ಹರ್ಟ್ಸ್ ಆಸುಪಾಸಿನಿಂದ 1,200ರ ಕಡೆಗೆ ಜಾರುತ್ತದೆ. ‘ಹ’ಕ್ಕೆ ನಾಲಿಗೆ ಮೊದಲೇ ‘ಆ’ ಜಾಗದಲ್ಲಿರುತ್ತದೆ, ಆ ಜಾರು ಇರುವುದಿಲ್ಲ. ಈ ಜಾರು ಫೋನಿನ ಕಿಂಡಿಯೊಳಗೇ ಇದೆ, ಕಳೆದುಹೋಗಿಲ್ಲ. ಮಾಡೆಲ್‌ಗೆ ಅದನ್ನು ನಂಬುವ ಅಭ್ಯಾಸ ಇಲ್ಲ, ಅಷ್ಟೇ. ಮೇಲಿನ ಸುಂಯ್ ಸದ್ದು ಸುಲಭವಾಗಿ ಸಿಗುತ್ತಿದ್ದಾಗ ಕೆಳಗಿನ ಸೂಕ್ಷ್ಮ ಯಾಕೆ ನೋಡುತ್ತೆ?

ಹಾಗಾಗಿ ಕೆಲಸ ಆಗಬೇಕಿರುವುದು ಮಾಡೆಲ್ ಕಡೆ. ನಾವು ಕೈಯಲ್ಲಿದ್ದ ಚೊಕ್ಕ 16 ಕಿಲೋಹರ್ಟ್ಸ್ ಕನ್ನಡ ರೆಕಾರ್ಡಿಂಗ್‌ಗಳನ್ನು ಬೇಕಂತಲೇ ಕೆಡಿಸಿದೆವು. ಫೋನಿನ ಕಿಂಡಿಯಲ್ಲಿ ತೂರಿಸಿ, ಎ-ಲಾ ಕೋಡಿಂಗ್ ಮಾಡಿ (ಇಲ್ಲಿನ ಲ್ಯಾಂಡ್‌ಲೈನ್ ಲೈನುಗಳಲ್ಲಿ ಅದೇ), ಮತ್ತೆ 16ಕ್ಕೆ ಏರಿಸಿ:

```
ffmpeg -i saf.wav -af "highpass=f=300,lowpass=f=3400" \
  -ar 8000 -ac 1 -c:a pcm_alaw phone.wav
ffmpeg -i phone.wav -ar 16000 -c:a pcm_s16le train.wav
```

ಈ ಕೆಡಿಸಿದ್ದು, ಮೂಲದ್ದು, ಜೊತೆಗೆ ಕೈಯಿಂದ ಬರೆದಿಟ್ಟ ನಿಜವಾದ ಕಾಲ್‌ಗಳು, ಮೂರನ್ನೂ ಬೆರೆಸಿ ಫೈನ್‌ಟ್ಯೂನ್ ಮಾಡಿದ ಮೇಲೆ ಆ ಹಿರಿಯರ ‘ಸಾಲ’ ಸಾಲವಾಗಿಯೇ ಬಂತು. ಫೈಲ್ ಅದೇ, ಏರಿಸಿದ ವಿಧಾನವೂ ಅದೇ. ನಿಜವಾದ ಕಾಲ್‌ಗಳನ್ನು ಬಿಡಬೇಡಿ. ಮೊಬೈಲಿನಿಂದ ಬಂದ ಮಾತು ಇನ್ನೊಂದು ಕೋಡೆಕ್‌ನಲ್ಲಿ ಹಿಂಡಿಸಿಕೊಂಡು ಬಂದಿರುತ್ತದೆ, ಹಿಂದೆ ಟ್ರ್ಯಾಕ್ಟರ್ ಗುಡುಗುತ್ತಿರುತ್ತದೆ. ಅದೆಲ್ಲ ಎರಡು ಸಾಲು ಕಮಾಂಡಿನಲ್ಲಿ ಹುಟ್ಟುವುದಿಲ್ಲ. ಮತ್ತೆ, ‘ಕಟ್ಟೀನ್ರಿ’, ‘ಬರತೈತ್ರಿ’ ಅನ್ನುವ ನಮ್ಮ ಮಾತೂ ಅದರಿಂದಲೇ ಸಿಗುವುದು.

ಇನ್ನು ಏರಿಸುವಾಗಲೇ ಹಾಳುಮಾಡುವ ಎರಡು ದಾರಿ ನೋಡಿದ್ದೇನೆ. ಒಂದು, ಪ್ರತಿ ಸ್ಯಾಂಪಲ್ ಅನ್ನು ಎರಡೆರಡು ಸಲ ಬರೆದು ‘ಆಯ್ತು’ ಅನ್ನುವುದು. ಹಾಗೆ ಮಾಡಿದರೆ ಕೆಳಗಿನ ಸದ್ದಿನ ಪ್ರತಿಬಿಂಬ 4,000ದ ಮೇಲೆ ತಲೆಕೆಳಗಾಗಿ ಬೀಳುತ್ತದೆ. 3,000ದಲ್ಲಿ ಇದ್ದದ್ದು 5,000ದಲ್ಲೂ ಕಾಣಿಸುತ್ತದೆ. ಒಳ್ಳೆಯ ರೀಸ್ಯಾಂಪ್ಲರ್ ಅದನ್ನು ಫಿಲ್ಟರ್ ಹಾಕಿ ತೆಗೆಯುತ್ತದೆ. ಎರಡನೆಯದು ಮೋಸದ್ದು. sox 16 ಬಿಟ್‌ಗೆ ಬರೆಯುವಾಗ ತೆಳುವಾದ ಡಿದರ್ ಸದ್ದು ಸೇರಿಸುತ್ತದೆ. ಕಿವಿಗೆ ಕೇಳಿಸುವುದಿಲ್ಲ. ಆದರೆ ನಿಮ್ಮ ಪೈಪ್‌ಲೈನ್ ಪ್ರತಿ ಪಟ್ಟಿಯನ್ನೂ ಬೇರೆ ಬೇರೆಯಾಗಿ ಒಂದೇ ಅಳತೆಗೆ ಹಿಗ್ಗಿಸುತ್ತಿದ್ದರೆ, ಖಾಲಿ ಪಟ್ಟಿಯ ಆ ತೆಳು ಸದ್ದು ಮಾತಿನಷ್ಟೇ ದಪ್ಪ ಆಗಿಬಿಡುತ್ತದೆ. ಮಾಡೆಲ್ ಅದನ್ನು ಮಾತು ಅಂತಲೇ ಓದುತ್ತದೆ. ಸ್ವಂತ ಮಾಡೆಲ್ ಕಟ್ಟುವುದಾದರೆ 4,000ದ ಮೇಲಿನ ಪಟ್ಟಿಗಳನ್ನೇ ಇಡಬೇಡಿ. 8 ಕಿಲೋಹರ್ಟ್ಸ್‌ನಲ್ಲೇ ಕಲಿಸಿದ ಮಾಡೆಲ್ ಸಿಕ್ಕರೆ ಏರಿಸುವ ಗೋಜೇ ಇಲ್ಲ.

ಮೇಲಿನ ಅರ್ಧವನ್ನು ಊಹಿಸಿ ತುಂಬುವ ನ್ಯೂರಲ್ ಸಾಧನಗಳೂ ಇವೆ. ಕಿವಿಗೆ ಬಹಳ ಚೆನ್ನಾಗಿ ಕೇಳಿಸುತ್ತವೆ, ಡೆಮೊಗೆ ಹೇಳಿ ಮಾಡಿಸಿದ್ದು. ಮಾಡೆಲ್ ಮುಟ್ಟುವ ಹಾಗಿಲ್ಲ ಅನ್ನುವ ಪರಿಸ್ಥಿತಿಯಲ್ಲಿ ಸ್ವಲ್ಪ ಸಹಾಯ ಆಗಬಹುದು, ಯಾಕಂದರೆ ಮಾಡೆಲ್‌ಗೆ ಪರಿಚಿತವಾದ ರೂಪ ಸಿಗುತ್ತದೆ. ಆದರೆ ಅದೂ ಊಹೆಯೇ. ‘ಹಾಲಿನ ಬಿಲ್ಲ’ ಅಂದವರ ಬಾಯಿಗೆ ಅದು ಚೊಕ್ಕವಾದ ಒಂದು ‘ಸ’ ತುರುಕಿದರೆ, ಆಮೇಲೆ ಆಡಿಯೊ ಕೇಳಿದರೂ ನಿಮಗೆ ತಪ್ಪು ಸಿಗುವುದಿಲ್ಲ. ನಾನು ಬಳಸಲಿಲ್ಲ.

ನೀವು ಮೊದಲು ಮಾಡಬೇಕಾದದ್ದು ಬೇರೆ. ನಿಮ್ಮ ಫೈಲ್ ಯಾವ ಜಾತಿ ಅಂತ ನೋಡಿ:

```
soxi -r call.wav
sox call.wav -n sinc 4200 stats
```

ಮೊದಲನೆಯದು 8000 ಅಂದರೆ ಅಲ್ಲಿಗೆ ಮುಗಿಯಿತು. 16000 ಅಂದರೆ ನಂಬಬೇಡಿ, ಎರಡನೆಯದನ್ನು ಓಡಿಸಿ. ಅದು 4,200ರ ಕೆಳಗಿನದ್ದೆಲ್ಲ ತೆಗೆದು ಉಳಿದದ್ದನ್ನು ಅಳೆಯುತ್ತದೆ. `RMS lev dB` ಸಾಲು −80ರ ಆಸುಪಾಸು ಅಥವಾ ಇನ್ನೂ ಕೆಳಗಿದ್ದರೆ ಯಾರೋ ಮೊದಲೇ ಏರಿಸಿಟ್ಟ ನ್ಯಾರೋಬ್ಯಾಂಡ್ ಫೈಲ್ ಅದು. ಮಾತಿನ ಜೊತೆ ಏರಿಳಿಯುವ ಸದ್ದು ಅಲ್ಲಿ ನಿಜವಾಗಿಯೂ ಇದ್ದರೆ ನಿಮ್ಮ ಅದೃಷ್ಟ. ಈಗಿನ 4ಜಿ ಕಾಲ್‌ಗಳಲ್ಲಿ 7,000 ಹರ್ಟ್ಸ್‌ವರೆಗೆ ಹೋಗುವ ಕೋಡೆಕ್ ಇರುತ್ತದೆ. ಆಫೀಸಿನ ಲೈನಿಗೆ ಬರುವಷ್ಟರಲ್ಲಿ ಅಥವಾ ರೆಕಾರ್ಡರ್‌ನಲ್ಲಿ ಅದನ್ನು 8ಕ್ಕೆ ಇಳಿಸಿರುತ್ತಾರೆ. ರೆಕಾರ್ಡರ್ ಸೆಟ್ಟಿಂಗ್‌ನಲ್ಲಿ ಅದನ್ನು ತಡೆಯಲು ಆದರೆ, ಯಾವ ಅಪ್‌ಸ್ಯಾಂಪಲ್‌ಗಿಂತಲೂ ಅದು ಮೇಲು. ಹೋದ ‘ಸ’ ತರುವುದಕ್ಕಿಂತ ಹೋಗದ ಹಾಗೆ ನೋಡಿಕೊಳ್ಳುವುದು ಸುಲಭ.

ಹಾಗೇ ಸ್ಟೀರಿಯೋನಾ ನೋಡಿ. ಒಂದು ಚಾನೆಲ್‌ನಲ್ಲಿ ಸಿಬ್ಬಂದಿ, ಇನ್ನೊಂದರಲ್ಲಿ ರೈತ ಇದ್ದರೆ `-ac 1` ಹಾಕಿ ಬೆರೆಸಬೇಡಿ, ಬೇರೆ ಮಾಡಿ ಕೊಡಿ. ಇಬ್ಬರೂ ಒಟ್ಟಿಗೆ ಮಾತಾಡುವ ಕಡೆ ನಮಗೆ ಅದರಿಂದಲೇ ಎಷ್ಟೋ ಪದ ವಾಪಸ್ ಬಂದವು.

ಇಷ್ಟೆಲ್ಲ ಆದ ಮೇಲೂ ಲೈನ್ ಕೆಟ್ಟಿದ್ದ ದಿನ, ಅದರಲ್ಲೂ ಒಂದೇ ಪದ ಹೇಳಿ ಸುಮ್ಮನಾಗುವವರ ಕಾಲ್‌ನಲ್ಲಿ ‘ಹಾಲ’ ಆಗಾಗ ಬರುತ್ತದೆ. ಹಾಗಾಗಿ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಸಾಲ ಅಥವಾ ಹಾಲು ಒಂಟಿಯಾಗಿ ಬಂದರೆ, ಪಕ್ಕದಲ್ಲಿ ಸೊಸೈಟಿ, ಕಂತು, ಡೈರಿ, ಲೀಟರ್ ಥರದ ಪದ ಇಲ್ಲದಿದ್ದರೆ, ಆ ಕಾಲ್ ಅನ್ನು ನಮ್ಮ ಆಫೀಸಿನ ಅಕ್ಕ ಒಬ್ಬರು ಹೆಡ್‌ಫೋನ್ ಹಾಕಿಕೊಂಡು ಕೇಳುತ್ತಾರೆ.